ದಾಸ್ತಾನು ದಿನ, ವಸೂಲಿ ದಿನ, ಪಾವತಿ ದಿನ: ಇಲ್ಲಿ ‘ದಿನ’ ಎಂದರೆ ಯಾವ ದಿನ?

ಎಲ್ಲರಿಗೂ ನಮಸ್ಕಾರ.

ಸಗಟು ವಿತರಕರ ಲೆಕ್ಕಪತ್ರ ವಿಭಾಗಕ್ಕಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದುಡಿಯುವ ಬಂಡವಾಳದ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಲ್ಲಿ ಕೊಟ್ಟಿರುವ ಉದಾಹರಣೆ ಇಷ್ಟು: ವರ್ಷದ ಮಾರಾಟ 730 ಲಕ್ಷ, ಮಾರಿದ ಸರಕಿನ ಅಸಲು 657 ಲಕ್ಷ. ವರ್ಷದ ಕೊನೆಯ ದಿನ ಗೋದಾಮಿನಲ್ಲಿ 81 ಲಕ್ಷದ ಸರಕಿದೆ, ಅಂಗಡಿಗಳಿಂದ ಬರಬೇಕಾದ್ದು 60 ಲಕ್ಷ, ತಯಾರಕರಿಗೆ ಕೊಡಬೇಕಾದ್ದು 36 ಲಕ್ಷ. ಇದರಿಂದ ದಾಸ್ತಾನು ದಿನ 45, ವಸೂಲಿ ದಿನ 30, ಪಾವತಿ ದಿನ 20 ಎಂದು ತೆಗೆದು, ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದು, ಚಕ್ರ 55 ದಿನ ಎಂದಿದ್ದಾರೆ.

ನಾನು ‘ಗೋದಾಮಿನಲ್ಲಿ ಇನ್ನು 45 ದಿನಕ್ಕೆ ಸಾಲುವಷ್ಟು ಸರಕಿದೆ’ ಎಂದು ಬರೆದಿದ್ದೆ. ಪರಿಶೀಲಕರು ಅದನ್ನು ಹೊಡೆದುಹಾಕಿ ‘ಸರಕು ಗೋದಾಮಿನಲ್ಲಿ 45 ದಿನ ಇರುತ್ತದೆ’ ಎಂದು ತಿದ್ದಿದ್ದಾರೆ. ಎರಡರಲ್ಲಿ ಯಾವುದು ಸರಿ? ಇನ್ನೊಂದು ಸಂಶಯ. 81ಕ್ಕೆ 60 ಕೂಡಿಸಿ 36 ಕಳೆದರೆ ಸಿಕ್ಕಿಬಿದ್ದ ಹಣ 105 ಲಕ್ಷ. ಆದರೆ ದಿನದ ಮಾರಾಟ 2 ಲಕ್ಷವನ್ನು 55ರಿಂದ ಗುಣಿಸಿದರೆ 110 ಬರುತ್ತದೆ, ದಿನದ ಅಸಲು 1.8 ಲಕ್ಷವನ್ನು ಗುಣಿಸಿದರೆ 99. ಒಂದೇ ಚಕ್ರಕ್ಕೆ ಮೂರು ಉತ್ತರ ಹೇಗೆ?

— ಗ.

⁂

ಗ. ಅವರೇ,

ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದವನು ನಾನು, ಆದ್ದರಿಂದ ಬರೆಯುತ್ತಿದ್ದೇನೆ. ಇದರಲ್ಲಿ ಅಷ್ಟೊಂದು ಗೊಂದಲವಿಲ್ಲ. ವಸೂಲಿ ದಿನ 30 ಎಂದರೆ ವಿತರಕರು ಅಂಗಡಿಯವರಿಗೆ ಕೊಟ್ಟ ಉದ್ರಿ ಗಡುವು 30 ದಿನ. ಪಾವತಿ ದಿನ 20 ಎಂದರೆ ತಯಾರಕರು ವಿತರಕರಿಗೆ ಕೊಟ್ಟ ಗಡುವು. ಬಿಲ್ಲಿನ ಮೇಲೆಯೇ ಬರೆದಿರುತ್ತದೆ, ನೋಡಿಕೊಳ್ಳಬಹುದು. ಕೊನೆಯದನ್ನು ಕಳೆಯುವುದೇಕೆಂದರೆ, ಆ 20 ದಿನ ವ್ಯಾಪಾರ ನಡೆಯುವುದು ತಯಾರಕರ ಹಣದಲ್ಲಿ. ಉಳಿದ 55 ದಿನಕ್ಕೆ ವಿತರಕರು ತಮ್ಮ ಜೇಬಿನಿಂದ ಹಾಕಬೇಕು, ಇಲ್ಲವೇ ಬ್ಯಾಂಕಿಗೆ ಬರಬೇಕು. ನಮಗೆ ಬೇಕಾಗಿದ್ದದ್ದೂ ಆ 55 ಒಂದೇ. ಆದ್ದರಿಂದ ‘ಉದ್ರಿ ಗಡುವು’ ಎಂದೇ ಬರೆಯಿರಿ, ಓದುಗರಿಗೆ ತಿಳಿಯುತ್ತದೆ.

— ವಿ.

⁂

‘ಪಾವತಿ ದಿನ’ ಎಂದರೆ ನಮ್ಮ ಕಚೇರಿಯಲ್ಲಿ ತಿಂಗಳ ಸಂಬಳ ಕೈಗೆ ಬರುವ ದಿನ. ‘ಪಾವತಿ ದಿನ 20’ ಎಂದು ಕಂಡರೆ ತಿಂಗಳ 20ನೇ ತಾರೀಖು ಸಂಬಳ ಎಂದೇ ಓದಿಕೊಳ್ಳುತ್ತೇನೆ. ಸಂಬಳವನ್ನು ಚಕ್ರದಿಂದ ಏಕೆ ಕಳೆಯುತ್ತಾರೆ?

— ಮ.

⁂

ಮ. ಅವರು ಅಪಾರ್ಥ ಮಾಡಿಕೊಂಡಿದ್ದಾರೆ, ಆದರೆ ಆ ಅಪಾರ್ಥಕ್ಕೆ ದಾರಿ ಮಾಡಿಕೊಟ್ಟದ್ದು ಕೈಪಿಡಿಯ ಪದವೇ. ಇಲ್ಲಿ ಸಂಬಳದ ಮಾತಿಲ್ಲ, ಸರಕಿಗೆ ಕೊಡಬೇಕಾದ ಬಾಕಿ ಮಾತ್ರ. ‘ತಯಾರಕರ ಬಾಕಿ ದಿನ’ ಎಂದರೆ ತಪ್ಪಿ ಓದುವವರು ಕಡಿಮೆಯಾಗುತ್ತಾರೆ.

ವಿ. ಅವರು ಕಳೆಯುವ ಕಾರಣವನ್ನು ಸರಿಯಾಗಿ ಹೇಳಿದ್ದಾರೆ. ಗಡುವಿನ ವಿಷಯವನ್ನು ಮಾತ್ರ ಒಪ್ಪಲಾರೆ. ಗಡುವು ಎಂಬುದು ಮಾತುಕತೆಯಲ್ಲಿ ಕೊಟ್ಟ ಮಾತು. ಈ ದಿನಗಳು ಲೆಕ್ಕದ ಪುಸ್ತಕದಿಂದ ಹುಟ್ಟಿದವು. 60 ಲಕ್ಷ ಬಾಕಿಯನ್ನು ದಿನದ ಮಾರಾಟ 2 ಲಕ್ಷದಿಂದ ಭಾಗಿಸಿದರೆ 30. ಬಿಲ್ಲಿನ ಮೇಲೆ 15 ದಿನ ಎಂದಿದ್ದರೂ ಇಲ್ಲಿ 30 ಬರಬಹುದು, ಹಾಗೆ ಬಂದರೆ ಅಂಗಡಿಯವರು ಗಡುವು ಮೀರುತ್ತಿದ್ದಾರೆ ಎಂದರ್ಥ. ಗಡುವನ್ನೂ ಈ ದಿನವನ್ನೂ ಪಕ್ಕಪಕ್ಕದಲ್ಲಿಟ್ಟಾಗಲೇ ವಸೂಲಿ ಸಡಿಲವಾಗಿರುವುದು ಕಾಣುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಹೋಲಿಸುವುದು ಹೇಗೆ?

ಇನ್ನು ಗ. ಅವರ ಮೂರು ಉತ್ತರಗಳು. ಒಂದು ಕಂತು ಸರಕಿನ ಬೆನ್ನು ಹತ್ತಿ ಹೋಗೋಣ. ಅಸಲು 90 ಎಂದಿಟ್ಟುಕೊಳ್ಳಿ. ಸೊನ್ನೆಯ ದಿನ ಗೋದಾಮಿಗೆ ಬಂತು, ಆಗ ಹಣ ಹೋಗಲಿಲ್ಲ. 20ನೇ ದಿನ ತಯಾರಕರಿಗೆ 90 ಕೊಟ್ಟಾಯಿತು. 45ನೇ ದಿನ ಅದೇ ಸರಕು 100ಕ್ಕೆ ಉದ್ರಿಯಲ್ಲಿ ಹೋಯಿತು. 75ನೇ ದಿನ ಆ 100 ಕೈಗೆ ಬಂತು. ಹಣ ಹೊರಗಿದ್ದದ್ದು 20ರಿಂದ 75ರವರೆಗೆ, ಅಂದರೆ 55 ದಿನ. ಹೊರಗಿದ್ದ ಹಣ ಮಾತ್ರ 90, 100 ಅಲ್ಲ. ಉಳಿದ 10 ಲಾಭ, ಅದನ್ನು ವಿತರಕರು ಹಾಕಿಯೇ ಇರಲಿಲ್ಲ.

ನಿಮ್ಮ ಉದಾಹರಣೆಯಲ್ಲೂ ಅಷ್ಟೇ. ದಾಸ್ತಾನು, ತಯಾರಕರ ಬಾಕಿ ಎರಡೂ ಅಸಲಿನ ಬೆಲೆಯಲ್ಲಿ ಬರೆದಿರುತ್ತವೆ, ಆದ್ದರಿಂದ ಅವನ್ನು ದಿನದ ಅಸಲು 1.8ರಿಂದ ಭಾಗಿಸುತ್ತಾರೆ. ಅಂಗಡಿಗಳ ಬಾಕಿ ಮಾರಾಟದ ಬೆಲೆಯಲ್ಲಿದೆ, ಅದಕ್ಕೆ 2. ಮೂರಕ್ಕೂ ‘ದಿನ’ ಎಂದರೂ ಆ ದಿನಗಳ ಬೆಲೆ ಒಂದೇ ಅಲ್ಲ. ಬರಬೇಕಾದ 60ರಲ್ಲಿ 6 ಲಕ್ಷ ಲಾಭ, 54 ಲಕ್ಷ ಮಾತ್ರ ವಿತರಕರ ಹಣ. 81ಕ್ಕೆ 54 ಕೂಡಿಸಿ 36 ಕಳೆಯಿರಿ, 99 ಬರುತ್ತದೆ. 55 ದಿನಕ್ಕೆ 1.8ರಂತೆಯೂ ಅದೇ 99. ಪುಸ್ತಕದಲ್ಲಿ ಕಾಣುವುದು 105, ನಿಜವಾಗಿ ಕೈಯಿಂದ ಹೋಗಿರುವುದು 99. ಎರಡೂ ಸರಿ, ಕೇಳುವ ಪ್ರಶ್ನೆ ಬೇರೆ. 110 ಮಾತ್ರ ಯಾವ ಪ್ರಶ್ನೆಗೂ ಉತ್ತರವಲ್ಲ, ಏಕೆಂದರೆ ಅಲ್ಲಿ ಗೋದಾಮಿನ ಸರಕಿಗೂ ಲಾಭ ಕಟ್ಟಿಬಿಟ್ಟಂತಾಯಿತು.

ಈಗ ವಾಕ್ಯದ ವಿಷಯ. ನಿಮ್ಮದೂ ಪರಿಶೀಲಕರದೂ ಎರಡೂ ಅರ್ಧರ್ಧ. 45 ಎಂಬುದು ಕಳೆದ ವರ್ಷದ ಸರಾಸರಿ ವೇಗದಲ್ಲಿ ಅಳೆದದ್ದು. ಮುಂದಿನ ತಿಂಗಳು ಮಾರಾಟ ಏರಿ ದಿನಕ್ಕೆ 2.7 ಲಕ್ಷ ಅಸಲಿನ ಸರಕು ಹೊರಟರೆ ಅದೇ 81 ಲಕ್ಷ 30 ದಿನಕ್ಕೇ ಮುಗಿಯುತ್ತದೆ. ನಾನಾದರೆ ‘ದಾಸ್ತಾನು, ವರ್ಷದ ಸರಾಸರಿ ವೇಗದಲ್ಲಿ, 45 ದಿನಗಳ ಮಾರಾಟಕ್ಕೆ ಸಮ’ ಎಂದು ಬರೆಯುತ್ತೇನೆ. ಸ್ವಲ್ಪ ಉದ್ದವಾಯಿತು, ಆದರೆ ಸುಳ್ಳಿಲ್ಲ.

— ಶ.

⁂

ಶ. ಅವರೇ, ವಾಕ್ಯ ಚೆನ್ನಾಗಿದೆ. ಆದರೂ ಗೋದಾಮಿನಲ್ಲಿ ನಿಂತು ನೋಡುವವನಿಗೆ ಆ 45 ದಿನ ಎಲ್ಲೂ ಕಾಣುವುದಿಲ್ಲ. ನಾನು ಬಿಡಿಭಾಗಗಳ ಸಗಟು ವ್ಯಾಪಾರಿ. ನನ್ನ ಗೋದಾಮಿನ ಸ್ಥಿತಿಯನ್ನು ನಿಮ್ಮ ಅಂಕಿಗಳಿಗೇ ಹೊಂದಿಸಿ ಹೇಳುತ್ತೇನೆ. 81 ಲಕ್ಷದಲ್ಲಿ 51 ಲಕ್ಷದ ಮಾಲು ಓಡುವಂಥದ್ದು, ದಿನಕ್ಕೆ 1.7 ಲಕ್ಷದಷ್ಟು ಹೋಗುತ್ತದೆ. ಅದು 30 ದಿನದ ಸರಕು. ಉಳಿದ 30 ಲಕ್ಷದ ಮಾಲು ದಿನಕ್ಕೆ 10 ಸಾವಿರದಷ್ಟು ಮಾತ್ರ ಕದಲುತ್ತದೆ, ಅಂದರೆ 300 ದಿನ. ಎರಡನ್ನೂ ಒಟ್ಟು ಹಾಕಿದರೆ ನಿಮ್ಮ ಪವಿತ್ರವಾದ 45 ಬರುತ್ತದೆ! ಆದರೆ 45 ದಿನ ಇರುವ ಒಂದು ಡಬ್ಬವೂ ಅಲ್ಲಿಲ್ಲ.

ಈ ಅಂಕಿಯನ್ನು ನಂಬಿದ ನನ್ನ ಲೆಕ್ಕಿಗರು ‘ದಾಸ್ತಾನು ಇಳಿಸಿ’ ಎಂದರು. ಖರೀದಿ ಹುಡುಗರು ಖರೀದಿ ನಿಲ್ಲಿಸಿದರು. ನಿಂತದ್ದು ಯಾವುದರ ಖರೀದಿ? ಓಡುವ ಮಾಲಿನದು, ಏಕೆಂದರೆ ಕೂತ ಮಾಲನ್ನು ಯಾರೂ ಮೊದಲೇ ಕೊಳ್ಳುತ್ತಿರಲಿಲ್ಲ. ಅಂಗಡಿಯವರು ಕೇಳಿದ್ದು ಇಲ್ಲವಾಯಿತು, ಕೇಳದೇ ಇದ್ದದ್ದು ಹಾಗೆಯೇ ಉಳಿಯಿತು. ದಾಸ್ತಾನು ದಿನವೇನೋ ಒಂದೆರಡು ತಿಂಗಳು ಇಳಿಯಿತು, ಆಮೇಲೆ ಮಾರಾಟ ಬಿದ್ದು ಮತ್ತೆ ಏರಿತು. ಕೈಪಿಡಿಯಲ್ಲಿ ಪದ ಏನೇ ಇರಲಿ, ‘ಓಡುವ ಸರಕು’ ಮತ್ತು ‘ಕೂತ ಸರಕು’ ಎಂದು ಎರಡು ಸಾಲು ಮಾಡಿಸಿ. ವ್ಯಾಪಾರದಲ್ಲಿ ನಾವು ಆಡುವ ಮಾತು ಅದೇ.

— ಬ.

⁂

ಬ. ಅವರು ಹೇಳಿದ್ದು ಈ ಅಧ್ಯಾಯದಲ್ಲಿ ಇರಲೇಬೇಕಾದ ಮಾತು. ಗ. ಅವರೇ, ಒಂದು ಕೇಳಬೇಕು: ಕೈಪಿಡಿಯಲ್ಲಿ ವರ್ಷಾರಂಭದ ದಾಸ್ತಾನು ಕೊಟ್ಟಿದ್ದಾರೆಯೇ?

— ಶ.

⁂

ಕೊಟ್ಟಿದ್ದಾರೆ, ಹಿಂದಿನ ಪುಟದ ಕೋಷ್ಟಕದಲ್ಲಿ: 44.5 ಲಕ್ಷ. ಅದನ್ನು ಈ ಲೆಕ್ಕದಲ್ಲಿ ಎಲ್ಲೂ ಬಳಸಿಲ್ಲ.

— ಗ.

⁂

ಹಾಗಾದರೆ 45 ಎಂಬುದೇ ಅನುಮಾನಕ್ಕೆ ಬಂತು. 44.5 ಇದ್ದದ್ದು 81 ಆಗಿದೆ. ಎರಡರ ಸರಾಸರಿ 62.75, ಅದನ್ನು 1.8ರಿಂದ ಭಾಗಿಸಿದರೆ 35 ದಿನಕ್ಕೆ ಕೂದಲೆಳೆಯಷ್ಟು ಕಡಿಮೆ. ಅದೇ ವರ್ಷ, ಅದೇ ಗೋದಾಮು, 10 ದಿನದ ವ್ಯತ್ಯಾಸ. ವರ್ಷವಿಡೀ ಸರಕು ಎಷ್ಟು ಕಾಲ ನಿಂತಿತು ಎಂಬ ಪ್ರಶ್ನೆಗೆ 35 ಹತ್ತಿರದ ಉತ್ತರ. ವರ್ಷದ ಕೊನೆಯ ದಿನ ಎಷ್ಟು ಹಣ ಸರಕಿನಲ್ಲಿ ಕೂತಿದೆ ಎಂಬುದಕ್ಕೆ 45.

ಪಾವತಿಯ ಕಡೆಯೂ ನೋಡಿ. ದಾಸ್ತಾನು 36.5 ಲಕ್ಷ ಏರಿದೆ ಎಂದರೆ ಖರೀದಿ 657 ಅಲ್ಲ, 693.5. ದಿನಕ್ಕೆ 1.9 ಲಕ್ಷ. ತಯಾರಕರ ಬಾಕಿ ಹುಟ್ಟುವುದು ಖರೀದಿಯಿಂದ, ಮಾರಾಟದಿಂದಲ್ಲ. ಆ ಲೆಕ್ಕದಲ್ಲಿ 36 ಲಕ್ಷ ಸುಮಾರು 19 ದಿನ. ಒಂದು ದಿನದ ವ್ಯತ್ಯಾಸ ಸಣ್ಣದು ಎನ್ನಬಹುದು, ದಾಸ್ತಾನು ಹೆಚ್ಚು ಏರಿಳಿದ ವರ್ಷದಲ್ಲಿ ಅದು ಸಣ್ಣದಾಗಿ ಉಳಿಯುವುದಿಲ್ಲ.

ದಾಸ್ತಾನು ಏಕೆ ಏರಿತು ಎಂಬುದನ್ನೂ ಕೇಳಬೇಕು. ತಯಾರಕರು ತಮ್ಮ ವರ್ಷದ ಗುರಿ ಮುಟ್ಟಲು ಕೊನೆಯ ವಾರಗಳಲ್ಲಿ ವಿತರಕರ ಗೋದಾಮು ತುಂಬಿಸುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಹಾಗಾಗಿದ್ದರೆ ದಾಸ್ತಾನಿನ ಜೊತೆ ತಯಾರಕರ ಬಾಕಿಯೂ ಉಬ್ಬಿರುತ್ತದೆ, ಪಾವತಿ ದಿನ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮುಂದಿನ ತಿಂಗಳು ಆ ಬಾಕಿ ತೀರಿಸುವಾಗ ಸರಕು ಇನ್ನೂ ಗೋದಾಮಿನಲ್ಲೇ ಇರುತ್ತದೆ. ಆ ತಿಂಗಳ ಬಿಗಿತ 55 ಎಂಬ ಅಂಕಿಯಲ್ಲಿ ಕಾಣುವುದಿಲ್ಲ. ತಿಂಗಳು ತಿಂಗಳ ಕೊನೆಯ ಅಂಕಿಗಳನ್ನು ಸಾಲಾಗಿಟ್ಟರೆ ಕಾಣುತ್ತದೆ.

— ಶ.

⁂

ಶ. ಅವರ ಲೆಕ್ಕ ಸರಿಯೇ ಇರಬಹುದು. ಆದರೆ ಸರಾಸರಿ ಹಾಕಿ 35 ತೋರಿಸಿಕೊಂಡು ಸಾಲ ಕೇಳಲು ಬಂದವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಹಣ ಬೇಕಾಗಿರುವುದು ಇವತ್ತಿನ 81ಕ್ಕೆ, ಕಳೆದ ವರ್ಷದ ಸರಾಸರಿಗಲ್ಲ. ನನ್ನ ಮತ 45ಕ್ಕೇ. ‘ಗಡುವು’ ಪದವನ್ನು ಬೇಕಾದರೆ ಬಿಟ್ಟುಕೊಡುತ್ತೇನೆ.

— ವಿ.

⁂

ಎಲ್ಲರಿಗೂ ಕೃತಜ್ಞತೆ. ಸದ್ಯಕ್ಕೆ ‘ದಾಸ್ತಾನು ದಿನ’, ‘ಗಿರಾಕಿ ಬಾಕಿ ದಿನ’, ‘ತಯಾರಕರ ಬಾಕಿ ದಿನ’ ಎಂದು ಇಟ್ಟುಕೊಳ್ಳುತ್ತೇನೆ. ಪ್ರತಿಯೊಂದರ ಕೆಳಗೆ ಯಾವುದನ್ನು ಯಾವುದರಿಂದ ಭಾಗಿಸಿದ್ದು ಎಂದು ಒಂದು ಸಾಲು ಸೇರಿಸುತ್ತೇನೆ. 105 ಮತ್ತು 99ರ ವ್ಯತ್ಯಾಸವನ್ನು ಅಡಿಟಿಪ್ಪಣಿಯಲ್ಲಿ ಬರೆಯಬಹುದು. 45 ಇಡಬೇಕೋ 35 ಇಡಬೇಕೋ ಎಂಬುದು ಮೂಲ ಬರೆದವರು ತೀರ್ಮಾನಿಸಬೇಕಾದ್ದು, ಅವರಿಗೆ ಪತ್ರ ಕಳುಹಿಸಿದ್ದೇನೆ.

ಒಂದು ಉಳಿದಿದೆ. ಬರಬೇಕಾದ 60 ಲಕ್ಷದಲ್ಲಿ ಬಿಲ್ಲಿನ ಮೇಲಿನ ತೆರಿಗೆಯೂ ಸೇರಿದೆಯೇ? 730 ಲಕ್ಷ ಮಾರಾಟವನ್ನು ತೆರಿಗೆ ಬಿಟ್ಟು ಬರೆದಿದ್ದಾರೆ ಎಂದು ಬೇರೆ ಕಡೆ ಇದೆ. ತೆರಿಗೆ ನೂರಕ್ಕೆ 20 ಇದ್ದರೆ 60ರಲ್ಲಿ 10 ಲಕ್ಷ ತೆರಿಗೆಯೇ ಆಗುತ್ತದೆ, ಆಗ ದಿನ 30 ಅಲ್ಲ, 25. ವಿತರಕರ ಲೆಕ್ಕ ನೋಡುವವರು ಇದನ್ನು ರೂಢಿಯಲ್ಲಿ ಬಿಡಿಸಿ ಭಾಗಿಸುತ್ತಾರೆಯೇ, ಹಾಗೆಯೇ ಭಾಗಿಸುತ್ತಾರೆಯೇ?

— ಗ.

⁂

ಬಿಡಿಸಬೇಕು. ಹೆಚ್ಚಿನವರು ಬಿಡಿಸುವುದಿಲ್ಲ.

— ಶ.