‘ಸ್ಕೇಲ್ ಕಾಣುವಂತೆ ಫೋಟೊ ತೆಗೆಯಿರಿ’: ಈ ‘ಸ್ಕೇಲ್’ಗೆ ಕನ್ನಡದಲ್ಲಿ ಏನೆನ್ನೋಣ?

ತೀರ್ಥಹಳ್ಳಿಯಿಂದ ಪ್ರಶ್ನೆ

ಅಡಿಕೆ ತೋಟದಲ್ಲಿ ಕೆಲಸ ಮಾಡುವವರಿಗೆಂದು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಗುರುತು ಸಿಗದ ಪ್ರಾಣಿ ಕಂಡರೆ ಮೊಬೈಲಿನಲ್ಲಿ ಹೇಗೆ ಚಿತ್ರ ತೆಗೆಯಬೇಕು ಎಂಬುದು ವಿಷಯ. ‘ಸ್ಕೇಲ್ ಕಾಣುವಂತೆ ಫೋಟೊ ತೆಗೆಯಿರಿ’ ಎಂದು ಬರೆದಿದ್ದೆ. ಕರಡು ಓದಿದ ಪಕ್ಕದ ಮನೆಯ ಹುಡುಗ ಮರುದಿನವೇ ಒಂದು ಚಿತ್ರ ಕಳುಹಿಸಿದ. ಅಡಿಕೆ ಹಾಳೆ ಎತ್ತಿದಾಗ ಸಿಕ್ಕ ಕಪ್ಪು ಮೈಯ, ಹಾವಿನಂಥ ಜೀವಿ. ಅದರ ಬೆನ್ನಿಗೆ ತಾಗಿಸಿ ಶಾಲೆಯ ಮರದ ಸ್ಕೇಲು ಹಿಡಿದಿದ್ದಾನೆ, ಬೆರಳಿಗೂ ತಲೆಗೂ ಒಂದು ಗೇಣು ಅಂತರವಿಲ್ಲ! ತಪ್ಪು ಅವನದಲ್ಲ, ನನ್ನ ವಾಕ್ಯದ್ದು.

‘ಮಾನದಂಡ’ ಎನ್ನೋಣವೆಂದರೆ ಅದು ಈಗ ನೇಮಕಾತಿಗೂ ಗುಣಮಟ್ಟಕ್ಕೂ ಸೇರಿಹೋಗಿದೆ. ‘ಅಳತೆಗೋಲು’ ಎಂದರೆ ಮತ್ತೆ ಕೋಲನ್ನೇ ಹುಡುಕುತ್ತಾರೆ. ಗಾತ್ರ ತಿಳಿಯಲೆಂದು ಚಿತ್ರದೊಳಗೆ ಸೇರಿಸುವ, ಅಳತೆ ಗೊತ್ತಿರುವ ವಸ್ತುವಿಗೆ ಒಂದು ಪದ ಬೇಕು.

ಶಿವಮೊಗ್ಗದಿಂದ

ಸ್ಕೇಲ್ ಎಂದರೆ ಹಾವಿನ ಮೈಮೇಲಿನ ಹುರುಪೆ, ಪಠ್ಯಪುಸ್ತಕದಲ್ಲಿ ಶಲ್ಕ. ‘ಹುರುಪೆ ಕಾಣುವಂತೆ’ ಎಂದು ಬರೆದರೆ ಮುಗಿಯಿತು. ಗಾತ್ರಕ್ಕೆ ಹತ್ತು ರೂಪಾಯಿ ನಾಣ್ಯ ಇಡಲಿ, ಅಡ್ಡಗಲ 27 ಮಿಲಿಮೀಟರ್. ಚಿತ್ರದಲ್ಲಿ ಎಲ್ಲಿದ್ದರೂ ನಡೆಯುತ್ತದೆ.

ಸಾಗರದಿಂದ

ನಾಣ್ಯದ ಅಳತೆ ಸರಿ, ‘ಎಲ್ಲಿದ್ದರೂ’ ಎಂಬುದು ಸರಿಯಲ್ಲ. ಮೊಬೈಲಿನಿಂದ ನಾಣ್ಯ ಒಂದು ಮೀಟರ್ ದೂರ, ಹಾವು ಎರಡು ಮೀಟರ್ ದೂರ ಇದ್ದರೆ ಐವತ್ತು ಸೆಂಟಿಮೀಟರಿನ ಹಾವು ಲೆಕ್ಕದಲ್ಲಿ ಇಪ್ಪತ್ತೈದಕ್ಕೆ ಇಳಿಯುತ್ತದೆ. ಕೋಲಿನ ತುದಿಗೆ ಹಾವನ್ನು ನೇತುಹಾಕಿ ಕ್ಯಾಮೆರಾದ ಕಡೆ ಚಾಚಿ ‘ಹದಿನೈದು ಅಡಿ’ ಮಾಡುವುದೂ ಇದೇ ಉಪಾಯ, ತಿರುಗುಮುರುಗಾಗಿ. ವಸ್ತು ಮತ್ತು ಪ್ರಾಣಿ ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು.

ಹಾಗೆಂದು ಜೀವಂತ ಹಾವಿನ ಪಕ್ಕ ಏನನ್ನೂ ಇಡಲು ಹೋಗಬೇಡಿ. ನಾನು ಮಾಡುವುದು ಹೀಗೆ. ಎರಡು ಮೀಟರಿಗಿಂತ ಹತ್ತಿರ ಹೋಗದೆ, ದೊಡ್ಡ ಹಾವಾದರೆ ಇನ್ನೂ ಹಿಂದೆ ನಿಂತು, ಜೂಮ್ ಮಾಡಿ ಇಡೀ ಮೈಯ ಚಿತ್ರ ತೆಗೆಯುತ್ತೇನೆ. ನಿಂತ ಜಾಗಕ್ಕೆ ಒಂದು ಕಡ್ಡಿ ಚುಚ್ಚುತ್ತೇನೆ. ಅದು ಹರಿದುಹೋಗಿ ನೆಲ ಬರಿದಾದದ್ದು ಕಣ್ಣಾರೆ ಕಂಡ ಮೇಲೆ, ಅದು ಮಲಗಿದ್ದಲ್ಲಿ ಸ್ಕೇಲು ಇಟ್ಟು, ಕಡ್ಡಿಯ ಬಳಿಗೆ ಮರಳಿ ಅದೇ ಎತ್ತರ, ಅದೇ ಜೂಮ್‌ನಲ್ಲಿ ಇನ್ನೊಂದು. ಎರಡನ್ನೂ ಜೋಡಿಸಿ ನೋಡಿದರೆ ಅಳತೆ ಸಿಗುತ್ತದೆ. ದರಗಿನೊಳಗೆ ನುಸುಳಿದರೆ ಕೈ ಹಾಕಬೇಡಿ. ಚಿತ್ರದಲ್ಲಿ ಬಿದ್ದ ಹೆಂಚನ್ನೋ ಹಾಳೆಯನ್ನೋ ಬೇರೆ ದಿನ ಅಳೆದರಾಯಿತು.

ಹುರುಪೆಯ ಮಾತು ಪ್ರಶ್ನೆಗೆ ಉತ್ತರವಲ್ಲ, ಆದರೆ ಹುಡುಗನ ಚಿತ್ರಕ್ಕೆ ಬೇಕಾದದ್ದು ಅದೇ. ನೆಟ್ಟಗೆ ಮೇಲಿನಿಂದ ತೆಗೆದ ಆ ಒಂದೇ ಚಿತ್ರದಲ್ಲಿ ಕಾಣುವಷ್ಟು ಮೈಯ ಉದ್ದ ಇಪ್ಪತ್ತನಾಲ್ಕು ಸೆಂಟಿಮೀಟರ್ ಎಂದು ಓದಬಹುದು, ಜೀವಿ ಯಾವುದೆಂದು ಹೇಳಲಾಗದು. ಹಾವಿನ ಜಾತಿಯ ಶೀಲ್ಡ್‌ಟೈಲ್ ಆದರೆ ಮೈತುಂಬ ನುಣುಪು ಹುರುಪೆ, ಬಾಲ ಕತ್ತರಿಸಿಟ್ಟಂತೆ ಮೊಂಡು. ಕಪ್ಪೆಯ ಬಳಗದ ಸಿಸಿಲಿಯನ್ ಆದರೆ ಹೊರಗೆ ಹುರುಪೆ ಕಾಣದು, ಎರೆಹುಳದಂತೆ ಉಂಗುರಗಳು. ಬದಿಯಿಂದ ತಲೆ, ಬದಿಯಿಂದ ನಡುಮೈ, ಬಾಲದ ತುದಿ, ಈ ಮೂರು ಬೇಕಿತ್ತು. ಬೆಳಕು ಓರೆಯಾಗಿ ಬಿದ್ದರೆ ಉಂಗುರ ಎದ್ದು ಕಾಣುತ್ತದೆ, ಫ್ಲ್ಯಾಶ್ ಹಾಕಿದರೆ ಒದ್ದೆ ಮೈ ಬರೀ ಹೊಳಪಾಗುತ್ತದೆ. ಹೊಟ್ಟೆಯ ಬಣ್ಣ ನೋಡಲು ಮಗುಚಬೇಡಿ. ಸಣಕಲು ಮೈಯ ವಿಷದ ಹವಳದ ಹಾವೂ ನಮ್ಮ ಘಟ್ಟದಲ್ಲಿದೆ.

ಹೊಸನಗರದಿಂದ

ನಮ್ಮ ಕೊಟ್ಟಿಗೆಯ ಹಿಂದಿನ ಕೆಸರಿನಲ್ಲಿ ಹೆಜ್ಜೆ ಮೂಡಿತ್ತು. ಬೆಂಕಿಪೊಟ್ಟಣ ಇಟ್ಟು ಕುಳಿತಲ್ಲಿಂದಲೇ ಓರೆಯಾಗಿ ತೆಗೆದೆ. ನೋಡಿದವರು ‘ಅಗಲವೆಷ್ಟು, ಉದ್ದವೆಷ್ಟು, ಇದರಿಂದ ಹೇಳಲಾಗದು’ ಎಂದರು. ಚಿರತೆಯೋ ನಾಯಿಯೋ ತಿಳಿಯಲಿಲ್ಲ, ಅಷ್ಟರಲ್ಲಿ ಮಳೆ ಬಂದು ತೊಳೆದುಹೋಯಿತು. ಪೊಟ್ಟಣವೂ ಕಂಪನಿಗೊಂದು ಅಳತೆಯಂತೆ! ಅಂದಹಾಗೆ ನಮ್ಮಲ್ಲಿ ‘ಗೇಣುದ್ದ’, ‘ಬೆರಳು ದಪ್ಪ’ ಎನ್ನುತ್ತೇವೆ. ಕೈಯನ್ನೇ ಇಟ್ಟರೆ ಆಗದೇ?

ಸಾಗರದಿಂದ ಮತ್ತೆ

ಹೆಜ್ಜೆಯ ಪಕ್ಕ ಧಾರಾಳವಾಗಿ ಕೈ ಇಡಿ, ಆಮೇಲೆ ಗೇಣನ್ನು ಅಳೆದು ಬರೆದುಕೊಳ್ಳಿ. ಹೆಜ್ಜೆಯನ್ನು ಮಾತ್ರ ನೆತ್ತಿಯ ಮೇಲಿಂದ, ಮೊಬೈಲನ್ನು ನೆಲಕ್ಕೆ ಸಮನಾಗಿ ಹಿಡಿದೇ ತೆಗೆಯಬೇಕು. ಪದದ ಮಟ್ಟಿಗೆ ನನ್ನ ಸೂಚನೆ ‘ಅಳತೆಸಾಕ್ಷಿ’.

ಶಿವಮೊಗ್ಗದಿಂದ

ಸಾಕ್ಷಿ ಎಂದರೆ ಕೋರ್ಟಿನ ವಾಸನೆ. ‘ಅಳತೆಗುರುತು’ ಇರಲಿ. ಹುರುಪೆಯ ಬಗ್ಗೆ ನಾನು ಅಂದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ.

ತೀರ್ಥಹಳ್ಳಿಯಿಂದ

ಅಳತೆಗುರುತು ಎಂದರೆ ಸ್ಕೇಲಿನ ಮೇಲಿನ ಗೆರೆ ಎಂದು ನನ್ನ ಹೆಂಡತಿ ತಕರಾರು ತೆಗೆದಳು. ಸದ್ಯಕ್ಕೆ ಪದವನ್ನೇ ಬಿಟ್ಟು ಹೀಗೆ ತಿದ್ದಿದ್ದೇನೆ: ‘ಪ್ರಾಣಿ ಹೋದ ಮೇಲೆ, ಅದು ಇದ್ದ ಜಾಗದಲ್ಲಿ ಸ್ಕೇಲನ್ನೋ ನಾಣ್ಯವನ್ನೋ ಇಟ್ಟು, ಮೊದಲು ನಿಂತಲ್ಲಿಂದಲೇ ಮತ್ತೊಂದು ಚಿತ್ರ ತೆಗೆಯಿರಿ.’ ಹುಡುಗನ ಜೀವಿ ಮಣ್ಣೊಳಗೆ ಹೋಗಿದೆ. ಬಾಲದ ತುದಿ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗಿದ್ದರಿಂದ ಅದು ಮೊಂಡೋ ಅಲ್ಲವೋ ಗೊತ್ತಾಗುವಂತಿಲ್ಲ.