ಪದಚರ್ಚೆ: ಕೆಫೆಯಿಂದ ಪುಸ್ತಕದಂಗಡಿಗೆ ಪತ್ರ, ‘ಪಾಲುದಾರಿಕೆ’ ಅನ್ನಬಹುದಾ?

ಗೆಳೆಯರೇ, ಗಾಂಧಿ ಬಜಾರ್ ಹತ್ತಿರ ನನ್ನದೊಂದು ಸಣ್ಣ ಕೆಫೆ ಇದೆ. ಅದೇ ಸಾಲಿನಲ್ಲಿ ಒಂದು ಕನ್ನಡ ಪುಸ್ತಕದಂಗಡಿ. ಅವರ ಗಿರಾಕಿಗಳಿಗೆ ಅವರು ನಮ್ಮ ಹೆಸರು ಹೇಳಬೇಕು, ನಮ್ಮವರಿಗೆ ನಾವು ಅವರ ಹೆಸರು ಹೇಳುತ್ತೇವೆ. ಇಷ್ಟೇ ವಿಷಯ. ಪತ್ರದ ಮೊದಲ ಸಾಲು ಹೀಗಿದೆ: “ಪಾಲುದಾರಿಕೆ ಹಾಗೂ ಅಡ್ಡ ಪ್ರಚಾರದ ಪ್ರಸ್ತಾವನೆ.” ಯಾಕೋ ಸರಿ ಕೂರುತ್ತಿಲ್ಲ. ಏನು ಹಾಕಲಿ?

ಮೈಸೂರಿನಿಂದ:
‘ಪ್ರಸ್ತಾವನೆ’ ಅಂದರೆ ಪುಸ್ತಕದ ಮುನ್ನುಡಿ. ‘ಪ್ರಸ್ತಾವ’ ಅನ್ನಿ. ಉಳಿದದ್ದು ಸರಿಯಿದೆ.

ಹುಬ್ಬಳ್ಳಿಯಿಂದ:
ಸರ್ಕಾರಿ ಕಚೇರಿಗಳಲ್ಲಿ ದಿನಾ ‘ಪ್ರಸ್ತಾವನೆ’ ಕಳಿಸುತ್ತಾರೆ ಸರ್, ಅದು ತಪ್ಪಲ್ಲ. ಪುಸ್ತಕದಂಗಡಿಯವರಿಗೆ ಮಾತ್ರ ನಗು ಬರಬಹುದು.

ನಿಜವಾದ ತೊಡಕು ‘ಪಾಲುದಾರಿಕೆ’. ನಾನು ಲೆಕ್ಕಪತ್ರದ ಕೆಲಸದವನು. ನಮ್ಮಲ್ಲಿ ‘ಪಾಲುದಾರಿಕೆ ಪತ್ರ’ ಅಂದರೆ ಛಾಪಾ ಕಾಗದದ ಮೇಲೆ ಬರೆಯುವ ಕರಾರು. 1932ರ ಕಾಯ್ದೆಯ ಪ್ರಕಾರ ಪಾಲುದಾರರು ಲಾಭ ಹಂಚಿಕೊಳ್ಳುವವರು. ಆ ಪದ ಕಂಡರೆ ಅಂಗಡಿಯವರು ‘ಇವರು ನನ್ನ ಗಲ್ಲಾಪೆಟ್ಟಿಗೆಗೇ ಬಂದರಲ್ಲಾ’ ಅಂದುಕೊಳ್ಳುತ್ತಾರೆ. ‘ಅಡ್ಡ ಪ್ರಚಾರ’ವಂತೂ ಬೇಡವೇ ಬೇಡ. ಅಡ್ಡದಾರಿ, ಅಡ್ಡ ಪರಿಣಾಮದ ಜೊತೆಗೆ ಹೋಗಿ ಸೇರುತ್ತದೆ. ಸುಮ್ನೆ ಹೀಗೆ ಬರೆಯಿರಿ:

“ನಮಸ್ಕಾರ. ನಮ್ಮಿಬ್ಬರ ಗಿರಾಕಿಗಳಿಗೂ ಅನುಕೂಲವಾಗುವ ಒಂದು ಮಾತು. ನಿಮ್ಮಲ್ಲಿ 300 ರೂಪಾಯಿ ಮೇಲೆ ಪುಸ್ತಕ ಕೊಂಡವರಿಗೆ ನಮ್ಮ ಚೀಟಿ ಕೊಡಿ. ಏಳು ದಿನದೊಳಗೆ ತಂದರೆ ಕಾಫಿಗೆ 10 ರೂಪಾಯಿ ಬಿಡುತ್ತೇವೆ. ಆ ಖರ್ಚು ನಮ್ಮದು. ನಿಮ್ಮ ಅಂಗಡಿ ಹೆಸರಿನ ಬುಕ್‌ಮಾರ್ಕನ್ನು ನಮ್ಮ ಬಿಲ್ಲಿನ ಜೊತೆ ಕೊಡುತ್ತೇವೆ. ಎರಡು ತಿಂಗಳು ನೋಡೋಣ. ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು.”

ಬಿಟ್ಟ 10 ರೂಪಾಯಿ ನಿಮ್ಮ ಬಿಲ್ಲಿನಲ್ಲೇ ಕಾಣಲಿ. ಆಗ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಜಿಎಸ್‌ಟಿ.

ಶಿವಮೊಗ್ಗದಿಂದ:
ಕೆಫೆಯಲ್ಲಿ ಪುಸ್ತಕ ಮಾರೋದಾ? ನಮ್ಮ ಬೇಕರಿಯಲ್ಲಿ ಇಟ್ಟಿದ್ವಿ, ಎಣ್ಣೆ ಕೈಯಲ್ಲಿ ಮುಟ್ಟಿ ಹಾಳು ಮಾಡಿದರು. ಚೀಟಿಯನ್ನೂ ಪಕ್ಕದ ಸ್ಟೇಷನರಿ ಅಂಗಡಿ ಜೊತೆ ಮಾಡಿದ್ವಿ. ಸೀಲಿಲ್ಲ, ತಾರೀಖಿಲ್ಲ. ಜನ ಜೆರಾಕ್ಸ್ ತೆಗೆಸಿಕೊಂಡು ಬಂದರು! ತಿಂಗಳ ಕೊನೆಗೆ ಎಷ್ಟು ಜನ ಅವರಿಂದ ಬಂದವರು ಅಂತ ಗೊತ್ತೇ ಆಗಲಿಲ್ಲ.

ಗಾಂಧಿ ಬಜಾರ್‌ನಿಂದ:
ಮಾರೋದಲ್ಲ, ಬರೀ ಹೆಸರು ಹೇಳೋದು. ಸೀಲು, ತಾರೀಖು ಎರಡೂ ಹಾಕಿಸುತ್ತೇನೆ. ಬಂದ ಚೀಟಿಗಳನ್ನು ಒಂದು ಡಬ್ಬದಲ್ಲಿ ಕೂಡಿಡುತ್ತೇನೆ. ಇನ್ನು ಇನ್‌ಸ್ಟಾಗ್ರಾಂ ಪೋಸ್ಟ್‌ಗಳು. ಶುಕ್ರವಾರ ಅವರು ಆರಿಸಿದ ಒಂದು ಪುಸ್ತಕ, ಪಕ್ಕದಲ್ಲಿ ನಮ್ಮ ಒಂದು ತಿಂಡಿ. ಮುಖಪುಟ ಮಾತ್ರ, ಒಳಪುಟ ಬೇಡ. ನವೆಂಬರಿನಲ್ಲಿ, ಕಾಫಿ ಆರುವುದರೊಳಗೆ ಓದಿ ಮುಗಿಸಬಹುದಾದ ಕತೆ ಯಾವುದು ಅಂತ ಗಿರಾಕಿಗಳನ್ನೇ ಕೇಳುವುದು. ಈ ಸರಣಿಗೆ ಹೆಸರು ಹೇಳಿ.

ಹುಬ್ಬಳ್ಳಿಯಿಂದ:
ಕೊಲ್ಯಾಬ್ ಪೋಸ್ಟ್ ಮಾಡಿ. ನೀವು ಹಾಕಿ, ಅವರು ಒಪ್ಪಿದರೆ ಒಂದೇ ಪೋಸ್ಟ್ ಇಬ್ಬರ ಪುಟದಲ್ಲೂ ಬರುತ್ತದೆ. ಹೆಸರು ‘ಬೈಟೂ’ ಇರಲಿ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೈಸೂರಿನಿಂದ:
ಬೈಟೂ ಅಂದರೆ ಒಂದನ್ನೇ ಇಬ್ಬರು ಹಂಚಿಕೊಳ್ಳೋದು. ಮತ್ತೆ ಪಾಲಿಗೇ ಬಂತಲ್ಲ ಸ್ವಾಮಿ!