ಪದಚರ್ಚೆ: ‘ಕನ್ವೆಕ್ಸಿಟಿ ಕರೆಕ್ಷನ್’ಗೆ ‘ಉಬ್ಬು ತಿದ್ದುಪಡಿ’ ಸರಿಯೇ?

ಪ್ರಶ್ನೆ ಕೇಳಿದವರು:
ಬಾಂಡ್ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿರುವ ಉದಾಹರಣೆ ಆಸ್ಟ್ರಿಯಾ ಸರ್ಕಾರ 2017ರಲ್ಲಿ ಬಿಟ್ಟ 100 ವರ್ಷದ ಬಾಂಡ್. ಬಡ್ಡಿ ವರ್ಷಕ್ಕೆ ಶೇ 2.1, ಅಸಲು ಸಿಗುವುದು 2117ರಲ್ಲಿ. ಯೀಲ್ಡ್, ಅಂದರೆ ಈಗಿನ ಬೆಲೆಗೆ ಕೊಂಡರೆ ವರ್ಷಕ್ಕೆ ಸಿಗುವ ಆದಾಯದ ದರ, ಬದಲಾದಾಗ ಬೆಲೆ ಎಷ್ಟು ಬದಲಾಗುತ್ತದೆ ಅಂತ ಅಂದಾಜಿಸುವ ಅಳತೆ ಡ್ಯುರೇಷನ್. ಅದಕ್ಕೆ ಮೊದಲು ‘ಅವಧಿ’ ಅಂತ ಬರೆದು ಸಿಕ್ಕಿಬಿದ್ದೆ. ಅವಧಿ 100 ವರ್ಷ, ಡ್ಯುರೇಷನ್ 41.7! ಈಗ ಅದನ್ನು ಹಾಗೇ ಬಿಟ್ಟಿದ್ದೇನೆ.

ತೊಡಕು ಕನ್ವೆಕ್ಸಿಟಿಯದು. ‘ಉಬ್ಬು ತಿದ್ದುಪಡಿ’ ಅನ್ನಬಹುದೇ? ಯೀಲ್ಡ್ ಶೇ 2.1ರಿಂದ 3.1ಕ್ಕೆ ಏರಿತು ಅಂತ ಲೆಕ್ಕ ಹಾಕಿ ನೋಡಿದರೆ ಆ ತಿದ್ದುಪಡಿ 100 ಯೂರೋಗೆ ಬರೀ 0.14 ಬರುತ್ತಿದೆ. ಇಷ್ಟು ಚಿಕ್ಕದಕ್ಕೆ ಬೇರೆ ಪದವೇ ಬೇಕಾ ಅನ್ನಿಸುತ್ತಿದೆ.

ನಿವೃತ್ತ ಗಣಿತ ಮೇಷ್ಟರು:
ಪದ ಹುಡುಕಬೇಕಾಗಿಲ್ಲಮ್ಮ. ಶಾಲೆಯಲ್ಲಿ ಪೀನ ಮಸೂರ, ನಿಮ್ನ ಮಸೂರ ಓದಿಲ್ಲವೇ? ‘ಪೀನತೆ’ ಅನ್ನಿ. ಡ್ಯುರೇಷನ್ ಅಂದರೆ ಸರಳರೇಖೆಯ ಅಂದಾಜು, ನಿಜವಾದ ಬೆಲೆಯ ಗೆರೆ ಬಾಗಿರುತ್ತದೆ. ಆ ವ್ಯತ್ಯಾಸವನ್ನು ಯೀಲ್ಡ್ ಏರಿದಾಗ ಕೂಡಿಸಬೇಕು, ಇಳಿದಾಗ ಕಳೆಯಬೇಕು.

ಗಿಲ್ಟ್ ಫಂಡ್ ಹೂಡಿಕೆದಾರರು:
ನನ್ನದೂ ಒಂದು ಪ್ರಶ್ನೆ. ಯೀಲ್ಡ್ ಏರಿತು ಅಂತ ಪೇಪರಿನಲ್ಲಿ ಓದಿ ಖುಷಿಪಟ್ಟಿದ್ದೆ. ನೋಡಿದರೆ ಸರ್ಕಾರಿ ಬಾಂಡ್‌ಗಳಲ್ಲಿ ಹಣ ಹಾಕುವ ನನ್ನ ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಇಳಿದಿತ್ತು. ಈ ಕನ್ವೆಕ್ಸಿಟಿ ದುಡ್ಡನ್ನು ನಮ್ಮ ಖಾತೆಗೆ ಯಾವಾಗ ಸೇರಿಸ್ತಾರೆ?

ಬ್ಯಾಂಕಿನ ಟ್ರೆಷರಿಯಲ್ಲಿರುವವರು:
ಸರ್, ಯಾರೂ ಸೇರಿಸಲ್ಲ. ಇದು ನಮ್ಮ ಅಂದಾಜಿಗೆ ಸೇರಿಸುವ ಅಂಕಿ ಅಷ್ಟೆ. ನಿಮ್ಮ ಎನ್‌ಎವಿ ಬಾಂಡಿನ ಆ ದಿನದ ಬೆಲೆಯ ಮೇಲೇ ನಿಂತಿದೆ. ಯೀಲ್ಡ್ ಏರಿದರೆ ಕೈಲಿರುವ ಹಳೇ ಬಾಂಡಿನ ಬೆಲೆ ಇಳಿಯುತ್ತದೆ.

ಮೇಷ್ಟ್ರೇ, ಒಂದು ಕಡೆ ಮಾತ್ರ ಒಪ್ಪಲಾರೆ. ಎರಡೂ ಸಲ ಕೂಡಿಸಬೇಕು. ಸೂತ್ರ ನೋಡಿ. ΔP/P ಅಂದರೆ ಬೆಲೆ ಎಷ್ಟು ಪಾಲು ಬದಲಾಯಿತು, D ಡ್ಯುರೇಷನ್, C ಕನ್ವೆಕ್ಸಿಟಿ, Δy ಯೀಲ್ಡಿನ ಬದಲಾವಣೆ; 2.1ರಿಂದ 3.1ಕ್ಕೆ ಏರಿದರೆ Δy 0.01:

```
ΔP/P ≈ −D·Δy + ½·C·(Δy)²
```

ಕೊನೆಯ ತುಂಡಿನಲ್ಲಿ ವರ್ಗ ಇರುವುದರಿಂದ ಏರಿದರೂ ಇಳಿದರೂ ಅದು ಪ್ಲಸ್ಸೇ. ಆಸ್ಟ್ರಿಯಾದ ಬಾಂಡನ್ನೇ ತಗೊಳ್ಳಿ. ಬೆಲೆ 100, ಯೀಲ್ಡ್ 2.1 ಇದ್ದಾಗ ಅದರ ಕನ್ವೆಕ್ಸಿಟಿ ಸುಮಾರು 2,800. ಯೀಲ್ಡ್ 3.1ಕ್ಕೆ ಏರಿತು ಅನ್ನಿ. ಡ್ಯುರೇಷನ್ ಒಂದನ್ನೇ ನಂಬಿದರೆ ಬೆಲೆ 58.3. ಅದಕ್ಕೆ 14 ಕೂಡಿಸಿದರೆ 72.3. ಪೂರ್ತಿ ಲೆಕ್ಕ ಹಾಕಿದರೆ ಬರುವುದು 69.3. ಯೀಲ್ಡ್ 1.1ಕ್ಕೆ ಇಳಿದರೆ ಡ್ಯುರೇಷನ್ 141.7 ಅನ್ನುತ್ತದೆ, ಅದೇ 14 ಕೂಡಿಸಿ 155.7, ನಿಜ 160.5.

ಮೇಡಂ, ನಿಮಗೆ 14ರ ಬದಲು 0.14 ಬಂದಿದೆ ಅಂದರೆ ಮೂಲದಲ್ಲಿ ಕನ್ವೆಕ್ಸಿಟಿ 28 ಅಂತ ಇರಬೇಕು. ಕೆಲವು ಕಡೆ ಅದನ್ನು 100ರಿಂದ ಭಾಗಿಸಿ ತೋರಿಸುತ್ತಾರೆ. ಕೆಲವರು ಅರ್ಧವನ್ನೂ ಅದರೊಳಗೇ ಸೇರಿಸಿಬಿಡುತ್ತಾರೆ. ಬಳಸುವ ಮೊದಲು ಒಮ್ಮೆ ಪೂರ್ತಿ ಬೆಲೆ ಲೆಕ್ಕ ಹಾಕಿ ತಾಳೆ ನೋಡುವುದು ನನ್ನ ಅಭ್ಯಾಸ.

‘ಉಬ್ಬು’ ಮಾತ್ರ ಬೇಡ. ಗ್ರಾಫ್ ನೋಡಿದವರಿಗೆ ಉಬ್ಬು ಕಾಣಿಸಲ್ಲ. ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದ ಹಾಗೆ ಇರುತ್ತದೆ. ಕೆಳಗಿನಿಂದ ಒಂದು ನೇರ ಕೋಲು ತಾಗಿಸಿ. ತಾಗಿದ ಜಾಗ ಬಿಟ್ಟರೆ ಎರಡೂ ಕಡೆ ಹಗ್ಗ ಕೋಲಿಗಿಂತ ಮೇಲೇ ಇರುತ್ತದಲ್ವಾ? ಕೋಲು ಡ್ಯುರೇಷನ್, ನಡುವಿನ ಸಂದು ಈ ಕರೆಕ್ಷನ್. ನನ್ನ ಓಟು ‘ಬಾಗು’ಗೆ.

ಮೇಷ್ಟರು:
ವರ್ಗವನ್ನು ಮರೆತೆ, ತಪ್ಪಾಯಿತು. ಆದರೆ ‘ಬಾಗು’ ಅಂದರೆ ಯಾವ ಕಡೆಗೆ? ಅವಧಿಗೆ ಮುಂಚೆ ಅಸಲು ತೀರಿಸಿ ಬಾಂಡ್ ವಾಪಸ್ ಪಡೆಯುವ ಹಕ್ಕು ಸಾಲ ತೆಗೆದುಕೊಂಡವನಿಗಿರುವ ಬಾಂಡ್‌ಗಳಲ್ಲಿ, ಯೀಲ್ಡ್ ತುಂಬ ಇಳಿದಾಗ ಗೆರೆ ಉಲ್ಟಾ ಬಾಗುತ್ತದೆ. ಬೆಲೆ ಕೋಲಿನ ಕೆಳಗೆ ಹೋಗುತ್ತದೆ. ಆಗ ‘ನಿಮ್ನತೆ’ ಅಂದರೆ ಮುಗಿಯಿತು. ‘ಬಾಗು’ ಇಟ್ಟುಕೊಂಡವರು ಏನನ್ನುತ್ತೀರಿ?

ಟ್ರೆಷರಿಯವರು:
ನಮ್ಮಲ್ಲಿ ಎಲ್ಲರೂ ‘ನೆಗೆಟಿವ್ ಕನ್ವೆಕ್ಸಿಟಿ’ ಅನ್ನುತ್ತೇವೆ. ಒಪ್ಪಿದೆ, ಇಲ್ಲಿ ನಿಮ್ಮ ಪದವೇ ಗಟ್ಟಿ. ‘ತಿದ್ದುಪಡಿ’ ಬಗ್ಗೆ ನನಗಿನ್ನೂ ಅನುಮಾನವಿದೆ. ತಿದ್ದಿದರೆ ಸರಿಹೋಯಿತು ಅನ್ನಿಸುತ್ತದೆ. ಇದೇ ಬಾಂಡಿನ ಯೀಲ್ಡ್ 5.1ಕ್ಕೆ ಏರಿದರೆ ಡ್ಯುರೇಷನ್ ಲೆಕ್ಕದಲ್ಲಿ ಬೆಲೆ ಮೈನಸ್ 25. ಕನ್ವೆಕ್ಸಿಟಿ ಸೇರಿಸಿದರೆ 101, ಅಂದರೆ ಬೆಲೆ ಇಳಿಯಲೇ ಇಲ್ಲ! ನಿಜ 41.6. ಇಷ್ಟು ದೊಡ್ಡ ಏರಿಕೆಗೆ ಸೂತ್ರ ಬಿಟ್ಟು ಪ್ರತಿ ವರ್ಷದ ಬಡ್ಡಿಗೂ ಕೊನೆಯ ಅಸಲಿಗೂ ಇವತ್ತು ಎಷ್ಟು ಬೆಲೆ ಅಂತ ಹೊಸ ಯೀಲ್ಡ್‌ನಿಂದ ಮತ್ತೆ ಲೆಕ್ಕ ಹಾಕಬೇಕು.

ಪ್ರಶ್ನೆ ಕೇಳಿದವರು:
ಮೂಲದಲ್ಲಿ 28 ಅಂತಲೇ ಇದೆ! ಸದ್ಯಕ್ಕೆ ‘ಪೀನತೆ’ ಇಟ್ಟುಕೊಂಡು, ಮೊದಲ ಸಲ ಬಂದಾಗ ಹಗ್ಗ–ಕೋಲಿನ ಮಾತು ಸೇರಿಸುತ್ತೇನೆ. ‘ತಿದ್ದುಪಡಿ’ ಬದಲು ‘ಪೀನತೆಯ ಕೂಡಿಕೆ’ ಅಂದರೆ ಹೇಗೆ? ನಿಮ್ನತೆ ಇದ್ದಾಗ ಕಳೆಯಬೇಕಲ್ಲ, ಅಲ್ಲಿ ಮತ್ತೆ ಎಡವುತ್ತೇನೇನೋ.